ಲಿಂಗ ಮೈಮೇಲೆ ಇರುವಾಗ ಮೈಲಿಗೆ ಎಲ್ಲಿಂದ ಬಂತು?

2025ರ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆ ಶುರುವಾದಾಗ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ವಾದ ಎದ್ದಿತು. ಧರ್ಮದ ಕಾಲಂನಲ್ಲಿ ಏನು ಬರೆಸಬೇಕು? ದೊಡ್ಡಪ್ಪ ‘ಹಿಂದೂ’ ಅಂದರು. ಕಾಕಾ ‘ವೀರಶೈವ ಲಿಂಗಾಯತ’ ಅಂದರು. ನಾನು ‘ಲಿಂಗಾಯತ’ ಅಂದೆ. ಕೊನೆಗೆ ದೊಡ್ಡಪ್ಪ ಒಂದು ವಾಯ್ಸ್ ಮೆಸೇಜ್ ಹಾಕಿದರು. “ಪ್ರತಿ ವರ್ಷ ವೀರಭದ್ರನ ಜಾತ್ರಿಗೆ ಬರ್ತಿ, ನಿಮ್ಮವ್ವ ಯಲ್ಲಮ್ಮನ ಗುಡ್ಡಕ್ಕ ಹೋಗ್ತಾಳ. ಮತ್ತ ನಮ್ದು ಬ್ಯಾರೆ ಧರ್ಮ ಹೆಂಗಾತು?”

ಪ್ರಶ್ನೆ ಸರಿಯಾಗೇ ಇದೆ. ಎರಡು ಸಾಲಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಗೊತ್ತಿರುವ ಲಿಂಗಾಯತ ಶುರುವಾಗೋದು ನಮ್ಮ ಅಜ್ಜಿಯಿಂದ. ಆಕೆ ಶಾಲೆಯ ಮುಖ ನೋಡಿದವಳಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿದ್ದ ಬಿಳಿ ಲಿಂಗವಸ್ತ್ರ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಕಪ್ಪಗೆ, ನುಣ್ಣಗೆ ಇರುತ್ತಿತ್ತು ಅದು. ಮೇಲಿನ ಆ ಕಪ್ಪು ಲೇಪಕ್ಕೆ ಕಂತಿ ಅನ್ನುತ್ತಾರೆ. ಅದರ ಮೇಲೆ ಸ್ವಲ್ಪ ನೀರು, ಒಂದಿಷ್ಟು ವಿಭೂತಿ, ಒಂದು ಪತ್ರಿ. ಆಮೇಲೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಗಂಟೆ ಇಲ್ಲ, ಪೂಜಾರಿ ಇಲ್ಲ, ದಕ್ಷಿಣೆ ಇಲ್ಲ. ಪೂಜೆ ಆಗದೆ ಒಂದು ತುತ್ತೂ ಬಾಯಿಗೆ ಹಾಕುತ್ತಿರಲಿಲ್ಲ.

ನನ್ನ ಅವ್ವ ಬೇರೆ ಥರ. ಮುಟ್ಟಾದಾಗ ದೇವರ ಜಗಲಿ ಇರುವ ಕೋಣೆಗೆ ನಾಲ್ಕು ದಿನ ಕಾಲಿಡುತ್ತಿರಲಿಲ್ಲ. ಒಮ್ಮೆ ನಾನು ಸಣ್ಣವನಿದ್ದಾಗ ಅಜ್ಜಿ ಆಕೆಯನ್ನು ನೇರವಾಗಿ ಕೇಳಿದಳು: “ಲಿಂಗ ಕೊರಳಾಗ ಐತಿ. ಅದೂ ನಾಕ್ ದಿನ ಹೊರಗ ಕುಂದರ್ತೈತೇನ? ಲಿಂಗ ಮೈಮ್ಯಾಲ ಇದ್ದಾಗ ಮೈಲಿಗಿ ಎಲ್ಲಿಂದ ಬಂತವಾ?”

ಈ ಮಾತು ಅಜ್ಜಿಯೇ ಕಟ್ಟಿದ್ದಲ್ಲ ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದರ ಸೂತಕ ಲಿಂಗವಂತನಿಗೆ ಇಲ್ಲ ಅನ್ನೋದು ಶರಣರ ನಿಯಮ. ಪಂಚಸೂತಕ ಇಲ್ಲ ಅನ್ನೋದು ಇದಕ್ಕೇ. ಇದನ್ನು ಬರೀ ದಯೆಯ ಮಾತು ಅಂದುಕೊಳ್ಳಬೇಡಿ, ಇದರ ಹಿಂದೆ ಒಂದು ಗಟ್ಟಿ ತರ್ಕ ಇದೆ. ಇಷ್ಟಲಿಂಗವನ್ನು ಮೈಯಿಂದ ದೂರ ಮಾಡಬಾರದು. ಹೆರಿಗೆಯಾದರೂ, ಮುಟ್ಟಾದರೂ, ಮನೆಯಲ್ಲಿ ಹೆಣ ಇದ್ದರೂ ಅದು ಮೈಮೇಲೇ ಇರಬೇಕು. ಹಾಗಿದ್ದ ಮೇಲೆ ಆ ಮೈ ಮೈಲಿಗೆ ಆಗೋಕೆ ಸಾಧ್ಯವೇ ಇಲ್ಲ, ಅಲ್ವಾ? ಗುಡಿಯ ವ್ಯವಸ್ಥೆ ನಿಂತಿರೋದೇ ಇದಕ್ಕೆ ಉಲ್ಟಾ. ಅಲ್ಲಿ ಒಂದು ಗರ್ಭಗುಡಿ ಇದೆ, ಅದಕ್ಕೊಂದು ಹೊಸ್ತಿಲು ಇದೆ, ಯಾರು ಎಲ್ಲಿಯವರೆಗೆ ಬರಬಹುದು ಅಂತ ಲೆಕ್ಕ ಇದೆ. ದೇವರನ್ನು ಮುಟ್ಟೋಕೆ ಒಬ್ಬನಿಗೆ ಹಕ್ಕು, ಉಳಿದವರು ದೂರದಿಂದ ಕೈಮುಗಿಯಬೇಕು.

ಹಾಗಾಗಿ ಬಸವಣ್ಣ ಗುಡಿ ಬೇಡ ಅಂದದ್ದು ಕಲ್ಲಿನ ಮೇಲಿನ ಸಿಟ್ಟಿಗಲ್ಲ ಅಂತ ನನಗೆ ಅನಿಸುತ್ತದೆ. ‘ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಅನ್ನುವ ವಚನ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಕಾಲೇ ಕಂಬ, ದೇಹವೇ ದೇಗುಲ. ಅಂದರೆ ಗುಡಿ ಬೀಳಿಸಿ ಅಂತಲ್ಲ, ಗುಡಿ ಈಗ ನೀನೇ ಅಂತ. ಹೊಲೆಯ, ಸಮಗಾರ, ಅಗಸ, ಅಂಬಿಗ ಎಲ್ಲರ ಮೈಯೂ ಗುಡಿಯಾದ ಮೇಲೆ ಹೊಸ್ತಿಲು ಎಲ್ಲಿ ಹಾಕುತ್ತೀರಿ?

ಅಜ್ಜಿ ತೀರಿಕೊಂಡಾಗ ಸುಡಲಿಲ್ಲ. ಕೂರಿಸಿದರು. ಎಡಗೈಯಲ್ಲಿ ಅದೇ ಲಿಂಗ ಇಟ್ಟು, ಸುತ್ತ ವಿಭೂತಿ ಪತ್ರಿ ತುಂಬಿ ಮಣ್ಣು ಮಾಡಿದರು. ಆಕೆಯ ಬಂಗಾರದ ಬೋರಮಾಳ ಅತ್ತೆಗೆ ಬಂತು, ಹೊಲ ಅಪ್ಪನಿಗೂ ದೊಡ್ಡಪ್ಪನಿಗೂ ಬಂತು. ಲಿಂಗ ಯಾರಿಗೂ ಬರಲಿಲ್ಲ. ಆ ದೇವರು ಆಕೆಯ ಜೊತೆಗೇ ಹೋಯಿತು. ಗುಡಿಯ ದೇವರಿಗೆ ಆಸ್ತಿ ಇರುತ್ತದೆ, ಆ ಆಸ್ತಿಗೆ ವಾರಸುದಾರರು ಇರುತ್ತಾರೆ. ಇಷ್ಟಲಿಂಗಕ್ಕೆ ಅದ್ಯಾವುದೂ ಇಲ್ಲ.

ಈಗ ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಹೌದು, ನಾವು ಗುಡಿಗೆ ಹೋಗುತ್ತೇವೆ. ಬಸವಣ್ಣನ ವಚನಗಳ ಅಂಕಿತವೇ ಕೂಡಲಸಂಗಮದೇವ. ಕೃಷ್ಣಾ ಮಲಪ್ರಭಾ ಸೇರುವ ಜಾಗದಲ್ಲಿ ಆ ಸಂಗಮನಾಥನ ಗುಡಿ ಇವತ್ತಿಗೂ ಇದೆ. ಇದನ್ನು ಮುಚ್ಚಿಟ್ಟು ವಾದ ಮಾಡೋದು ತಪ್ಪು. ಆದರೆ ಬಸವಣ್ಣ ಆ ಹೆಸರನ್ನು ಗುಡಿಯಿಂದ ಎತ್ತಿ ಅಂಗೈಗೆ ತಂದರು. ನಾವು ಅಂಗೈಯಿಂದ ಮತ್ತೆ ಗುಡಿಗೆ ಹೊತ್ತುಕೊಂಡು ಹೋದೆವು. ನಮ್ಮ ನಡೆ ತಪ್ಪಿದೆ ಅಂದರೆ ನಿಯಮ ಇರಲಿಲ್ಲ ಅಂತ ಆಗೋದಿಲ್ಲ.

ಕಾಕಾನ ವಾದ ಇನ್ನೊಂದು. ಇಷ್ಟಲಿಂಗ ಬಸವಣ್ಣನಿಗಿಂತ ಹಳೆಯದು, ರೇಣುಕಾಚಾರ್ಯರಾದಿ ಪಂಚಾಚಾರ್ಯರಿಂದ ಬಂದದ್ದು, ಬಾಳೆಹೊನ್ನೂರಿನ ರಂಭಾಪುರಿ ಸೇರಿ ಐದು ಪೀಠಗಳು ಆ ಪರಂಪರೆಯವು, ವೀರಶೈವ ಲಿಂಗಾಯತ ಎರಡೂ ಒಂದೇ ಅಂತ ಅವರು ಹೇಳುತ್ತಾರೆ. ಕಾಕಾ ದಿನಾ ಲಿಂಗಪೂಜೆ ಮಾಡುವವರು, ನನಗಿಂತ ನಿಷ್ಠೆಯವರು. ಆದರೆ ಆ ದಾರಿಯಲ್ಲಿ ವೇದ ಆಗಮಗಳೂ ಪ್ರಮಾಣ. ನನಗೆ ವಚನವೇ ಪ್ರಮಾಣ. ಗುಡಿ ಪೂಜೆಯ ವಿಧಿ ಹೇಳುವ ಆಗಮ ಒಪ್ಪಿದರೆ ಗುಡಿ ಮತ್ತೆ ಹಿಂಬಾಗಿಲಿಂದ ಬರುತ್ತದೆ.

ಇನ್ನು ಕಾನೂನು. 2018ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ರಾಜ್ಯ ಸಂಪುಟ ಒಪ್ಪಿ, ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಕಳಿಸಿತು. ‘ಲಿಂಗಾಯತ ಮತ್ತು ಬಸವತತ್ವ ನಂಬುವ ವೀರಶೈವ ಲಿಂಗಾಯತ’ ಅಂತ ಅದರ ಒಕ್ಕಣೆ. ಕೇಂದ್ರ ಒಪ್ಪಲಿಲ್ಲ, ಇದು ಹಿಂದೂ ಧರ್ಮದ ಭಾಗವೇ ಅಂತ 2013ರಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿತು. ಪ್ರತ್ಯೇಕ ಧರ್ಮ ಆದರೆ ನಮ್ಮ ಮದುವೆ, ಆಸ್ತಿ ಎಲ್ಲಾ ಏರುಪೇರಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಸುಮ್ನೆ ಹೆದರಿಕೆ ಅದು. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತರನ್ನು ಹಿಂದೂ ಧರ್ಮದ ಒಂದು ರೂಪ ಅಂತ ಹೆಸರಿಸುತ್ತದೆ, ನಿಜ. ಆದರೆ ಬೌದ್ಧ, ಜೈನ, ಸಿಖ್ಖರಿಗೂ ಅದೇ ಕಾಯ್ದೆ ಅನ್ವಯ. ಅವರ ಧರ್ಮ ಬೇರೆ ಅಂತ ಎಲ್ಲರೂ ಒಪ್ಪುತ್ತಾರಲ್ಲ?

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಕೇಂದ್ರದ 2013ರ ಉತ್ತರದಲ್ಲೂ ಅದು ಇತ್ತು. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳೋಕೆ ಹಿಂದೂ, ಸಿಖ್ ಅಥವಾ ಬೌದ್ಧ ಆಗಿರಬೇಕು. ಲಿಂಗಾಯತ ಬೇರೆ ಧರ್ಮವಾಗಿ ಆ ಆದೇಶ ಹಾಗೇ ಉಳಿದರೆ, ನಮ್ಮಲ್ಲಿರುವ ಪರಿಶಿಷ್ಟರ ಮೀಸಲಾತಿಗೆ ಕುತ್ತು. ಸಮಗಾರ ಶರಣ ಹರಳಯ್ಯನ ಹೆಸರು ಹೇಳಿಕೊಂಡು ಕಟ್ಟುವ ಧರ್ಮ ಹರಳಯ್ಯನ ಕುಲದವರ ತಟ್ಟೆಯಿಂದಲೇ ಕಿತ್ತುಕೊಂಡರೆ ಹೇಗೆ? ಬೌದ್ಧರಿಗಾಗಿ 1990ರಲ್ಲಿ ಆ ಆದೇಶಕ್ಕೆ ತಿದ್ದುಪಡಿ ಆಯಿತು. ನಮ್ಮ ಬೇಡಿಕೆಯ ಪತ್ರದಲ್ಲೂ ಇದೇ ಮೊದಲ ಸಾಲಾಗಿ ಇರಬೇಕು. ವೇದಿಕೆಗಳ ಮೇಲೆ ಇದರ ಬಗ್ಗೆ ಮಾತು ತುಂಬಾ ಕಡಿಮೆ. ಅಲ್ಪಸಂಖ್ಯಾತ ಕಾಲೇಜು, ಸೀಟು ಅಂತಲೇ ಜಾಸ್ತಿ ಮಾತು. ಅದು ನನಗೆ ನೋವಿನ ವಿಷಯ.

ಸಮೀಕ್ಷೆಯವರು ಬಂದ ದಿನ ನಮ್ಮ ಮನೆಯಲ್ಲಿ ‘ಲಿಂಗಾಯತ’ ಅಂತಲೇ ಬರೆಸಿದೆವು. ಆದರೆ ಜಗಲಿ ಕೋಣೆಯ ನಾಲ್ಕು ದಿನದ ನಿಯಮ ಊರಿನ ಹಿರೇಮನೆಯಲ್ಲಿ ಈಗಲೂ ಹಾಗೇ ಇದೆ. ನನ್ನ ಮಗಳಿಗೆ ಎಂಟು ವರ್ಷ, ಈ ಶ್ರಾವಣದಲ್ಲಿ ಲಿಂಗದೀಕ್ಷೆ ಮಾಡಿಸಬೇಕು ಅಂತಿದ್ದೇವೆ. ನಾಳೆ ಅವಳು ದೊಡ್ಡವಳಾದಾಗ, ಕೊರಳಲ್ಲಿ ಲಿಂಗ ಇರುವ ಹುಡುಗಿಗೆ ಆ ಬಾಗಿಲಲ್ಲಿ ಅಡ್ಡ ನಿಲ್ಲುವವರು ಯಾರಾದರೂ ಇದ್ದರೆ ಈಗಲೇ ಹೇಳಿಬಿಡಿ ಅಂತ ಗ್ರೂಪಿನಲ್ಲಿ ಕೇಳಿದೆ. ಅವ್ವ ಮಾತ್ರ ಆವತ್ತು ರಾತ್ರಿ ಫೋನ್ ಮಾಡಿ, “ನಾ ನಿಲ್ಲೂದಿಲ್ಲಪಾ” ಅಂದಳು. ದೊಡ್ಡಪ್ಪ ಮೆಸೇಜ್ ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.