ಅಮ್ಮನ ಎಫ್‌ಡಿ ಬಾಂಡ್‌ನಲ್ಲಿ 4,288 ರೂಪಾಯಿ ಎಲ್ಲಿ ಹೋಯ್ತು?

ಎರಡು ವಾರದಿಂದ ತಲೆ ಕೆಟ್ಟಿದೆ. ಇಲ್ಲಾದರೂ ಕಾರಿಕೊಳ್ಳುತ್ತೇನೆ.

ಅಮ್ಮ ಫೆಬ್ರವರಿಯಲ್ಲಿ ನಮ್ಮೂರಿನ ಒಂದು ಬ್ಯಾಂಕಿನಲ್ಲಿ ಎರಡು ಲಕ್ಷ ಎಫ್‌ಡಿ ಇಟ್ಟರು. ಮೂರು ವರ್ಷ, 7 ಪರ್ಸೆಂಟ್. ಹಿರಿಯರಿಗೆ ಕೊಡುವ ಅರ್ಧ ಪರ್ಸೆಂಟ್ ಅದರಲ್ಲೇ ಸೇರಿದೆ. ಬಡ್ಡಿ ಆಗಾಗ ಬೇಡ, ಕೊನೆಗೆ ಒಟ್ಟಿಗೆ ಬರಲಿ ಅಂತ ಫಾರಂನಲ್ಲಿ ಟಿಕ್ ಹಾಕಿದ್ದರು. ಬಾಂಡ್ ಕೊಟ್ಟರು, ಅಮ್ಮ ಅದನ್ನು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮೊನ್ನೆ ಸೆಪ್ಟೆಂಬರ್‌ನಲ್ಲಿ ಬೇರೆ ಯಾವುದೋ ಕಾಗದ ಹುಡುಕುವಾಗ ಅದು ಕೈಗೆ ಸಿಕ್ಕಿತು. ಬಡ್ಡಿ 42,000. ಅವಧಿ ಮುಗಿದಾಗ ಸಿಗುವ ಹಣ 2,42,000. ನನಗೆ ಥಟ್ಟನೆ ಅನುಮಾನ ಬಂತು. ಬ್ಯಾಂಕಿನ ಲೆಕ್ಕದಲ್ಲಿ ಇಷ್ಟು ದುಂಡಾದ ಸಂಖ್ಯೆ ಬರೋದೇ ಅಪರೂಪ. ಎರಡು ಲಕ್ಷಕ್ಕೆ 7 ಪರ್ಸೆಂಟ್ ಅಂದರೆ ವರ್ಷಕ್ಕೆ 14,000. ಮೂರು ವರ್ಷಕ್ಕೆ 42,000. ಅಂದರೆ ಇದು ಸರಳ ಬಡ್ಡಿ! ನಾವು ಕೇಳಿದ್ದು ಚಕ್ರಬಡ್ಡಿ.

ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಫಾರಂನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ ಅಂತಿದೆ. ಹಾಗಾದರೆ ಮೂರು ತಿಂಗಳ ದರ 7ರ ಕಾಲು ಭಾಗ, ಅಂದರೆ 1.75 ಪರ್ಸೆಂಟ್. ಮೊದಲ ಮೂರು ತಿಂಗಳಿಗೆ 3,500 ರೂಪಾಯಿ. ಮುಂದಿನ ಮೂರು ತಿಂಗಳು ಬಡ್ಡಿ ಬರೋದು 2,03,500ಕ್ಕೆ, ಆದ್ದರಿಂದ 3,561. ಹೀಗೆ ಒಂದು ವರ್ಷಕ್ಕೆ 14,372 ಆಗುತ್ತದೆ. ಸರಳ ಬಡ್ಡಿಗಿಂತ 372 ಜಾಸ್ತಿ, ಅಷ್ಟೇ. ಮೊದಲ ವರ್ಷ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸ. ಎರಡನೇ ವರ್ಷದ ಕೊನೆಗೆ ಅದು 1,776 ಆಗುತ್ತದೆ, ಮೂರನೇ ವರ್ಷದ ಕೊನೆಗೆ 4,288. ಎಕ್ಸೆಲ್ ಇರೋರು ಒಂದೇ ಸಾಲಿನಲ್ಲಿ ನೋಡಬಹುದು:

```
=200000*(1+0.07/4)^12
```

ಉತ್ತರ 2,46,288. ಎಕ್ಸೆಲ್ ಇಲ್ಲದಿದ್ದರೆ ಎರಡು ಲಕ್ಷವನ್ನು 1.0175ರಿಂದ ಹನ್ನೆರಡು ಸಲ ಗುಣಿಸಿದರೂ ಅಷ್ಟೇ ಬರುತ್ತದೆ. ಇದೇನು ರಾಕೆಟ್ ಹಾರಿಸೋ ವಿದ್ಯೆಯಾ?

ಬಾಂಡ್ ಹಿಡಿದು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಅದನ್ನು ಸರಿಯಾಗಿ ನೋಡಲೂ ಇಲ್ಲ. "ಟಿಡಿಎಸ್ ಕಟ್ ಆಗಿರುತ್ತೆ ಸಾರ್" ಅಂದ. ಮೈ ಉರಿದುಹೋಯಿತು. ಬಾಂಡ್ ಪ್ರಿಂಟ್ ಮಾಡುವಾಗ ಮುಂದಿನ ಮೂರು ವರ್ಷದ ಟಿಡಿಎಸ್ ಕಳೆದು ಪ್ರಿಂಟ್ ಮಾಡುತ್ತಾರಾ? ಅದರ ಮೇಲೆ, ಹಿರಿಯ ನಾಗರಿಕರಿಗೆ ವರ್ಷಕ್ಕೆ ಒಂದು ಲಕ್ಷದವರೆಗಿನ ಬಡ್ಡಿಗೆ ಬ್ಯಾಂಕು ಟಿಡಿಎಸ್ ಹಿಡಿಯುವಂತೆಯೇ ಇಲ್ಲ. ಅಮ್ಮನಿಗೆ ಬರೋದು ವರ್ಷಕ್ಕೆ ಹದಿನಾಲ್ಕೋ ಹದಿನಾರೋ ಸಾವಿರ.

ಆಮೇಲೆ ಮ್ಯಾನೇಜರ್ ಹತ್ತಿರ ಕಳಿಸಿದರು. ಅವರು ನನ್ನ ಎದುರಿಗೇ ಕ್ಯಾಲ್ಕುಲೇಟರ್ ಕುಟ್ಟಿ 2,45,009 ಅಂತ ತೋರಿಸಿದರು. "ನೋಡಿ ಸಾರ್, ನಿಮ್ಮ ಲೆಕ್ಕವೂ ತಪ್ಪು." ಈಗ ಮೂರು ಸಂಖ್ಯೆ ಆಯಿತು. ಅವರು ಮಾಡಿದ್ದೇನು ಗೊತ್ತಾ? ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿ 1.07ನ್ನು ಮೂರು ಸಲ ಗುಣಿಸಿದ್ದರು. ಅದೂ ಚಕ್ರಬಡ್ಡಿಯೇ, ಸುಳ್ಳಲ್ಲ. ಮೂರು ತಿಂಗಳಿಗೊಮ್ಮೆ ಸೇರಿಸಬಹುದು, ಅದಕ್ಕಿಂತ ಹೆಚ್ಚು ಅಂತರದಲ್ಲೂ ಸೇರಿಸಬಹುದು. ಹಾಗಾಗಿ ಬರೀ "ಚಕ್ರಬಡ್ಡಿ" ಅಂದರೆ ಸಾಲದು, ಎಷ್ಟು ತಿಂಗಳಿಗೊಮ್ಮೆ ಅನ್ನೋದೇ ಮುಖ್ಯ. ಅದನ್ನು ಅವರದೇ ಫಾರಂ ಹೇಳುತ್ತದೆ. ಅವರ ಗೋಡೆಯ ಮೇಲಿನ ಪೋಸ್ಟರೂ ಹೇಳುತ್ತದೆ! ಅಲ್ಲಿ ಮೂರು ವರ್ಷಕ್ಕೆ "ವಾರ್ಷಿಕ ಇಳುವರಿ 7.71%" ಅಂತ ದೊಡ್ಡದಾಗಿ ಬರೆದಿದ್ದಾರೆ. 46,288ನ್ನು ಮೂರು ವರ್ಷಕ್ಕೆ ಹಂಚಿ, ಎರಡು ಲಕ್ಷಕ್ಕೆ ಎಷ್ಟು ಪರ್ಸೆಂಟ್ ಅಂತ ನೋಡಿದರೆ ಬರೋದು ಅದೇ 7.71. ಜಾಹೀರಾತಿಗೆ ಬೇಕಾದಾಗ ಮೂರು ತಿಂಗಳ ಲೆಕ್ಕ, ಬಾಂಡ್ ಕೊಡುವಾಗ ಪ್ರೈಮರಿ ಸ್ಕೂಲಿನ ಲೆಕ್ಕ.

ಪೋಸ್ಟರ್ ತೋರಿಸಿದ ಮೇಲೆ ಅವರ ಧ್ವನಿ ಸ್ವಲ್ಪ ತಗ್ಗಿತು. ಕಂಪ್ಯೂಟರ್ ನೋಡಿ, "ಇದು ಬಡ್ಡಿ ತಗೊಳ್ಳೋ ಸ್ಕೀಮಲ್ಲಿ ಓಪನ್ ಆಗಿದೆ, ಮೂರು ತಿಂಗಳಿಗೊಮ್ಮೆ ಅಮ್ಮನ ಎಸ್‌ಬಿ ಖಾತೆಗೆ ಹೋಗ್ತಾ ಇರುತ್ತೆ, ನಿಮಗೇನೂ ನಷ್ಟ ಇಲ್ಲ" ಅಂದರು. ಸರಿ, ಹಾಗಿದ್ದರೆ ಮೇ ತಿಂಗಳಲ್ಲಿ 3,500, ಆಗಸ್ಟ್‌ನಲ್ಲಿ 3,500 ಪಾಸ್‌ಬುಕ್ಕಿನಲ್ಲಿ ಇರಬೇಕಲ್ವಾ? ಪಾಸ್‌ಬುಕ್ ಜೇಬಿನಲ್ಲೇ ಇತ್ತು. ಅಲ್ಲೇ ಪ್ರಿಂಟ್ ಹಾಕಿಸಿದೆ. ಪಿಂಚಣಿ ಇದೆ, ಗ್ಯಾಸ್ ಸಬ್ಸಿಡಿ ಇದೆ, 3,500 ಎಲ್ಲೂ ಇಲ್ಲ. ಅಸಲಿಗೂ ಸೇರುತ್ತಿಲ್ಲ, ಕೈಗೂ ಬರುತ್ತಿಲ್ಲ. ಹಾಗೇ ಬಿಟ್ಟಿದ್ದರೆ ಬಡ್ಡಿಗೆ ಬಡ್ಡಿ ಇಲ್ಲದೆ ಮೂರು ವರ್ಷ ಸುಮ್ನೆ ಬಿದ್ದಿರುತ್ತಿತ್ತು.

ನಾನೇನು ಬ್ಯಾಂಕಿನವರ ಮೇಲೆ ಸುಮ್ನೆ ಹರಿಹಾಯೋನಲ್ಲ. ನಮ್ಮ ಅತ್ತೆ ಎರಡು ಲಕ್ಷವನ್ನು ಇದೇ ದರಕ್ಕೆ ಇಟ್ಟು ತಿಂಗಳಿಗೊಮ್ಮೆ ಬಡ್ಡಿ ತೆಗೆದುಕೊಳ್ಳುತ್ತಾರೆ. "1,167 ಬರಬೇಕು, 1,160 ಬರ್ತಿದೆ, ಏಳು ರೂಪಾಯಿ ನುಂಗ್ತಾರೆ" ಅಂತ ಅವರ ಗೋಳು. ಅದು ಬ್ಯಾಂಕಿನ ತಪ್ಪಲ್ಲ. ಮೂರು ತಿಂಗಳಿಗೆ ಕೊಡಬೇಕಾದ ಬಡ್ಡಿಯನ್ನು ಮುಂಚೆಯೇ ತಿಂಗಳು ತಿಂಗಳು ಕೊಡುವಾಗ ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ. ಅತ್ತೆಗೆ ಅದನ್ನು ನಾನೇ ಕೂರಿಸಿ ಹೇಳಿದ್ದೇನೆ. (ಅವರು ಇನ್ನೂ ಒಪ್ಪಿಲ್ಲ, ಅದು ಬೇರೆ ಮಾತು.)

ಸರಿ, ತಪ್ಪು ಒಪ್ಪಿಕೊಂಡರು. ಈಗ ನಿಜವಾದ ಆಟ ಕೇಳಿ. "ಬಾಂಡ್ ಹಿಂದೆ ಅಮ್ಮನ ಸೈನ್ ಹಾಕಿಸಿಕೊಂಡು ಬನ್ನಿ, ಇದನ್ನು ಕ್ಲೋಸ್ ಮಾಡಿ ಹೊಸದು ಮಾಡಿಕೊಡ್ತೀವಿ" ಅಂದರು. ಎಷ್ಟು ಸಲೀಸು! ಹೊಸ ಬಾಂಡ್ ಯಾವ ತಾರೀಖಿನಿಂದ ಅಂತ ಕೇಳಿದೆ. ಇವತ್ತಿನಿಂದ. ದರ? ಇವತ್ತಿನ ದರ, 6.5. ಇಷ್ಟು ದಿನದ ಬಡ್ಡಿ? ಅವಧಿಗೆ ಮೊದಲೇ ಮುರಿದ ಲೆಕ್ಕ, ಅಂದರೆ ಏಳು ತಿಂಗಳ ಠೇವಣಿಗಿರುವ ಕಡಿಮೆ ದರ, ಅದರಲ್ಲಿ ಒಂದು ಪರ್ಸೆಂಟ್ ದಂಡ. ಟೈಪ್ ಮಾಡುವಾಗ ತಪ್ಪು ಸ್ಕೀಮ್ ಆರಿಸಿದ್ದು ಅವರು, ದಂಡ ನಮ್ಮಮ್ಮನಿಗೆ!

ಸೈನ್ ಹಾಕಿಸಲ್ಲ ಅಂದೆ. ಅರ್ಜಿ ಫಾರಂನ ನಕಲು, ಬಾಂಡ್ ನಕಲು, ಪಾಸ್‌ಬುಕ್ಕಿನ ಪುಟ ಎಲ್ಲ ಸೇರಿಸಿ ದೂರು ಬರೆದು, ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಂಡೆ. ಕೇಳಿದ್ದು ಮೂರೇ ವಿಷಯ: ಠೇವಣಿಯ ತಾರೀಖು ಫೆಬ್ರವರಿಯದ್ದೇ ಇರಬೇಕು, ದರ 7 ಇರಬೇಕು, ಕೊನೆಗೆ ಸಿಗುವ ಹಣ 2,46,288 ಅಂತ ಪ್ರಿಂಟ್ ಆಗಬೇಕು. ಪೆನ್ನಿನಲ್ಲಿ ತಿದ್ದಿ ಕೊಟ್ಟರೆ ತೆಗೆದುಕೊಳ್ಳಲ್ಲ ಅಂತಲೂ ಬರೆದೆ. ಮೂವತ್ತು ದಿನದಲ್ಲಿ ಸರಿಹೋಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗ್ತೀನಿ ಅಂತ ಹೇಳಿದ ಮೇಲೆ ಮ್ಯಾನೇಜರ್ ಕಾಫಿ ತರಿಸಿದರು.

ಇವತ್ತಿಗೆ ಹದಿನಾಲ್ಕು ದಿನ. ಬೆಳಗ್ಗೆ ಫೋನ್ ಮಾಡಿದೆ. ಸಿಸ್ಟಮ್‌ನಲ್ಲಿ ಸರಿಯಾಗಿದೆಯಂತೆ, ತಾರೀಖೂ ಹಳೆಯದೇ ಇದೆಯಂತೆ. ಬಾಂಡ್ ಮಾತ್ರ ಕೊಡೋಕಾಗಲ್ಲ. ಪ್ರಿಂಟರ್ ಕೆಟ್ಟಿದೆಯಂತೆ.