ಕೈಗೇ ಬಾರದ 12 ಲಕ್ಷಕ್ಕೆ ಇಬ್ಬರೂ ತೆರಿಗೆ ಕಟ್ಟಬೇಕೆ?

ಕಳೆದ ವರ್ಷ ಚಿಕ್ಕಪ್ಪ ಮೈಸೂರಿನ ಸೈಟು ಮಾರಿದರು. ಸೈಟಿನ ಹಿಂದೆಯೇ ದೊಡ್ಡ ಮೋರಿ. ಜೋರು ಮಳೆ ಬಂದರೆ ನೀರು ಕಾಂಪೌಂಡಿನೊಳಗೇ ನಿಲ್ಲುತ್ತದೆ. ಆದರೂ ಆ ಬೀದಿಯ ಒಳ್ಳೆಯ ಸೈಟುಗಳಿಗೆ ಸರ್ಕಾರ ಗೊತ್ತುಮಾಡಿದ ದರ, ಅಂದರೆ ಗೈಡೆನ್ಸ್ ವ್ಯಾಲ್ಯೂವೇ ಇದಕ್ಕೂ. ಲೆಕ್ಕ ಹಾಕಿದರೆ 72 ಲಕ್ಷ. ನೋಡಲು ಬಂದವರೆಲ್ಲ ಮೋರಿ ಕಂಡು ವಾಪಸ್ ಹೋದರು. ಕೊನೆಗೊಬ್ಬರು 60 ಲಕ್ಷಕ್ಕೆ ಒಪ್ಪಿದರು. ಅಷ್ಟೂ ಹಣ ಬ್ಯಾಂಕಿನ ಮೂಲಕವೇ ಬಂತು, ಕೈಯಿಂದ ಕೈಗೆ ಒಂದು ರೂಪಾಯಿಯೂ ಓಡಾಡಲಿಲ್ಲ.

ಮುದ್ರಾಂಕ ಶುಲ್ಕವನ್ನು 72 ಲಕ್ಷದ ಮೇಲೇ ಕಟ್ಟಬೇಕೆಂದು ಕೊಂಡವರಿಗೆ ಗೊತ್ತಿತ್ತು. ಆದಾಯ ತೆರಿಗೆಯ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ.

ಗೈಡೆನ್ಸ್ ವ್ಯಾಲ್ಯೂ ಮಾರಾಟದ ಬೆಲೆಗಿಂತ ಶೇ. 10ರೊಳಗೆ ಹೆಚ್ಚಿದ್ದರೆ ಇಲಾಖೆ ಸುಮ್ಮನಿರುತ್ತದೆ. 60 ಲಕ್ಷಕ್ಕೆ ಆ ಗಡಿ 66 ಲಕ್ಷ. ಅದನ್ನು ದಾಟಿದರೆ ದಾಟಿದ 6 ಲಕ್ಷಕ್ಕೆ ಮಾತ್ರವಲ್ಲ, ಪೂರ್ತಿ 12 ಲಕ್ಷಕ್ಕೂ ಲೆಕ್ಕ. 1961ರ ಕಾಯ್ದೆಯ 50ಸಿ ಕಲಮಿನ ಪ್ರಕಾರ ಚಿಕ್ಕಪ್ಪ 72 ಲಕ್ಷಕ್ಕೇ ಮಾರಿದಂತೆ. ದೀರ್ಘಾವಧಿ ಲಾಭದ ತೆರಿಗೆ ಶೇ. 12.5 ಎಂದರೆ ಹೆಚ್ಚುವರಿ ಒಂದೂವರೆ ಲಕ್ಷ. ಕೊಂಡವರಿಗೆ ಅದೇ 12 ಲಕ್ಷ 'ಇತರ ಮೂಲದ ಆದಾಯ'. ಅವರು ಶೇ. 30ರ ಸ್ಲ್ಯಾಬಿನವರು, ಹಾಗಾಗಿ 3.6 ಲಕ್ಷ. ಸೆಸ್ ಬೇರೆ. ಮುಂದೆ ಅವರು ಆ ಸೈಟು ಮಾರುವಾಗ 72 ಲಕ್ಷವನ್ನೇ ಕೊಂಡ ಬೆಲೆಯೆಂದು ತೋರಿಸಬಹುದು. ಆದರೆ ತೆರಿಗೆ ಕಟ್ಟಬೇಕಾದದ್ದು ಈಗ.

ಕಪ್ಪುಹಣ ತಡೆಯಲು ಇಂಥ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಒಬ್ಬರಿಗೆ ಬಾರದ, ಇನ್ನೊಬ್ಬರು ಕೊಡದ ಹಣಕ್ಕೆ ಇಬ್ಬರಿಂದಲೂ ತೆರಿಗೆ ವಸೂಲಿ ಮಾಡುವುದು ಅನ್ಯಾಯ. ಬೀದಿಗೊಂದು ದರ ಬರೆದಿಡುವವರಿಗೆ ಮೋರಿ ಕಾಣುವುದಿಲ್ಲ.

ಅಗ್ರಿಮೆಂಟಿಗೂ ನೋಂದಣಿಗೂ ನಡುವೆ ದರ ಏರಿದ್ದರೆ ಅಗ್ರಿಮೆಂಟಿನ ದಿನದ ದರವನ್ನೇ ಹಿಡಿಯಬಹುದು. ಆದರೆ ಆ ದಿನವೇ ಅಥವಾ ಅದಕ್ಕೂ ಮೊದಲೇ ಮುಂಗಡದ ಸ್ವಲ್ಪ ಹಣವಾದರೂ ಅಕೌಂಟ್ ಪೇಯೀ ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಹೋಗಿರಬೇಕು. ನಗದು ಕೊಟ್ಟಿದ್ದರೆ ಈ ಅನುಕೂಲ ಸಿಗದು. 2023ರ ಅಕ್ಟೋಬರಿನಲ್ಲಿ ರಾಜ್ಯದ ದರಗಳು ಏರಿದಾಗ ಇದು ಎಷ್ಟೋ ಜನರಿಗೆ ಮುಖ್ಯವಾಗಿತ್ತು.

ನಮ್ಮ ಪ್ರಕರಣಕ್ಕೆ ಆ ದಾರಿ ಇರಲಿಲ್ಲ, ದರ ಮೊದಲಿನಿಂದಲೂ 72 ಲಕ್ಷವೇ. ಉಳಿದದ್ದು ಒಂದೇ: ನಿಜವಾದ ಮಾರುಕಟ್ಟೆ ಬೆಲೆ ಇದಕ್ಕಿಂತ ಕಡಿಮೆ, ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸಿ ಎಂದು ತೆರಿಗೆ ಅಧಿಕಾರಿಗೆ ಬರೆದುಕೊಡುವುದು. ಅವರು ಕಡಿಮೆ ಬೆಲೆ ಹೇಳಿದರೆ ಅದೇ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಹೇಳಿದರೂ 72ನ್ನು ಮೀರುವುದಿಲ್ಲ. ಕೊಂಡವರೂ ಇದನ್ನು ಕೇಳಬಹುದು.

ಚಿಕ್ಕಪ್ಪ ಖಾಸಗಿ ವ್ಯಾಲ್ಯೂಯರ್ ವರದಿ ಮಾಡಿಸಿ, ಮೊಣಕಾಲುದ್ದ ನೀರು ನಿಂತ ಸೈಟಿನ ನಾಲ್ಕು ಫೋಟೋಗಳ ಜೊತೆ ಆಡಿಟರ್ ಕೈಗೆ ಕೊಟ್ಟಿದ್ದಾರೆ. ಆ ಫೋಟೋಗಳನ್ನು ತೆಗೆದಿದ್ದು ಹಿಂದಿನ ಮಳೆಗಾಲದಲ್ಲಿ, ಮಾರುವ ಯೋಚನೆಯೇ ಇಲ್ಲದಾಗ, ಮೋರಿ ಸರಿಮಾಡಿಸಿ ಎಂದು ದೂರು ಕೊಡಲು.