ಹಸಿ ಮೀನಿನ ಸಾಲು

ನಿನ್ನೆ ಅಂಕೋಲೆಯ ಕವಿಗೋಷ್ಠಿಯಿಂದ ಬಂದವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಂದರು ಯೋಜನೆ ವಿರುದ್ಧ ಒಬ್ಬ ಹುಡುಗ ಕವಿತೆ ಓದಿದ. ‘ಏಳಿ, ಎದ್ದೇಳಿ’ ಎಂದಾಗಲೆಲ್ಲ ಚಪ್ಪಾಳೆ. ನಡುವೆ ಒಂದೇ ಒಂದು ಸಾಲು, ಮೀನು ಒಣಗಿಸುವ ಚಾಪೆಯನ್ನು ಅವನ ಅಮ್ಮ ಮಡಚಿಟ್ಟಳಂತೆ, ಇನ್ನೂ ಹಸಿಯಿದ್ದ ಮೀನಿನ ಸಮೇತ. ಅಲ್ಲಿ ಯಾರೂ ಕೈ ತಟ್ಟಲಿಲ್ಲ. ಅವನೂ ಆ ಸಾಲನ್ನು ಓಡಿಸಿಕೊಂಡು ಹೋಗಿ ಮತ್ತೆ ‘ಎದ್ದೇಳಿ’ಗೆ ಬಂದುಬಿಟ್ಟ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಸಿಟ್ಟು ಅವನ ಮೇಲಷ್ಟೇ ಅಲ್ಲ. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆ ವಿರೋಧಿಸಿ ಮೀನುಗಾರರು ಬೀದಿಗಿಳಿದಾಗ ನಾನೂ ಇಂಥದ್ದೇ ಬರೆದಿದ್ದೆ:

ಏಳಿ ಕಡಲ ಮಕ್ಕಳೆ, ಎದ್ದು ನಿಲ್ಲಿ
ಬಂಡವಾಳದ ಬಾಯಿಗೆ ಬೀಗ ಜಡಿಯಿರಿ

ವಾರದ ನಂತರ ಶಿರಸಿಯ ಗೆಳೆಯನೊಬ್ಬ ಫೋನ್ ಮಾಡಿ, ‘ಕಡಲ ತೆಗೆದು ಕಾಡಿನ ಅಂತ ಹಾಕ್ಕೊಂಡು ನಮ್ಮಲ್ಲೂ ಓದಿದೆ ಮಾರಾಯ, ಚೆನ್ನಾಗಿ ಹೊಂದಿತು’ ಎಂದ. ಹೊಗಳಿಕೆಯೆಂದೇ ಹೇಳಿದ್ದು. ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಒಂದು ಪದ ಬದಲಿಸಿದರೆ ಯಾವ ಊರಿನ ಜಗಳಕ್ಕೂ ಸಲ್ಲುವ ಸಾಲು ನಮ್ಮ ಊರಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. ಅವತ್ತಿನಿಂದ ನಾನು ಬರೆದದ್ದಕ್ಕೆಲ್ಲ ಮೊದಲು ಮಾಡುವ ಪರೀಕ್ಷೆ ಅದೇ: ಊರು ಬದಲಿಸಿ ಓದುವುದು.

ಆಮೇಲೆ ಹಲವು ಬೆಳಿಗ್ಗೆ ಟಾಗೋರ್ ಕಡಲತೀರಕ್ಕೆ ಹೋಗಿ ಸುಮ್ಮನೆ ಕೂತೆ. ದಡದಿಂದ ಎಳೆಯುವ ಬಲೆ ನೋಡಿದವರಿಗೆ ಗೊತ್ತು, ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗಕ್ಕೂ ಜನ ಸಾಲಾಗಿ ನಿಲ್ಲುತ್ತಾರೆ. ಎಳೆಯುವವರು ಹಿಂದೆ ಹಿಂದೆ ನಡೆಯುತ್ತಾರೆ. ಸಾಲಿನ ಕೊನೆಗೆ ಬಂದವನು ಹಗ್ಗ ಬಿಟ್ಟು ಮತ್ತೆ ನೀರಿನಂಚಿಗೆ ಹೋಗಿ ಹಿಡಿಯುತ್ತಾನೆ. ಅಂದರೆ ಈ ಮೀನುಗಾರಿಕೆಗೆ ನೀರು ಎಷ್ಟು ಬೇಕೋ ಬೆನ್ನ ಹಿಂದಿನ ಮರಳೂ ಅಷ್ಟೇ ಬೇಕು. ಹುಟ್ಟಿದಾಗಿನಿಂದ ನೋಡಿದ್ದೆ, ಕಂಡಿದ್ದು ಅವತ್ತು.

ಹಗ್ಗ ಹಿಡಿದವನು ಹಿಂದೆ ನಡೆಯುತ್ತಾನೆ
ಕಣ್ಣು ನೀರಿನ ಮೇಲೆ, ಬೆನ್ನು ಊರಿನ ಕಡೆ
ನಲವತ್ತನೇ ಹೆಜ್ಜೆಗೆ ಬೆನ್ನಿಗೆ ಕಲ್ಲು ತಾಗಿತು
ಬಲೆ ಇನ್ನೂ ನೀರಲ್ಲೇ ಇತ್ತು

ಇದರ ಕೆಳಗೆ ‘ಈ ಅನ್ಯಾಯಕ್ಕೆ ಕೊನೆ ಎಂದು?’ ಎಂಬ ಸಾಲಿತ್ತು. ಅದನ್ನು ಹೊಡೆದುಹಾಕಲು ತಿಂಗಳು ಹಿಡಿಯಿತು, ಭಯ ಅಷ್ಟಿತ್ತು. ಓದುವವರಿಗೆ ನನ್ನ ಪಕ್ಷ ತಿಳಿಯದೇ ಹೋದರೆ? ಆದರೆ ಬಲೆ ನೀರಲ್ಲಿದೆ, ಎಳೆಯಲು ಜಾಗವಿಲ್ಲ ಎಂದ ಮೇಲೆ ‘ಅನ್ಯಾಯ’ ಅನ್ನುವುದು ಓದುಗನ ಬಾಯಿಂದ ಬರಬೇಕಾದ ಮಾತು. ನಾನೇ ಆಡಿಬಿಟ್ಟರೆ ಅವನಿಗೆ ತಲೆಯಾಡಿಸುವ ಕೆಲಸ ಮಾತ್ರ ಉಳಿಯುತ್ತದೆ. ‘ಗೋಡೆ ಕಟ್ಟಿದರು’ ಎಂದಿದ್ದನ್ನು ‘ಕಲ್ಲು ತಾಗಿತು’ ಮಾಡಿದ್ದೂ ಹೀಗೇ. ಹಿಂದೆ ನಡೆಯುವವನಿಗೆ ಗೋಡೆ ಕಾಣುವುದಿಲ್ಲ, ಬೆನ್ನಿಗೆ ತಾಗಿದಾಗಲೇ ಗೊತ್ತಾಗುವುದು.

ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಭಾವ ಲಾರಿ ಇಟ್ಟುಕೊಂಡಿದ್ದಾನೆ, ಕಾಮಗಾರಿಗಳಿಗೆ ಕಲ್ಲು ಸಾಗಿಸುತ್ತಾನೆ. ಅಕ್ಕನ ಮಗಳ ಫೀಸು ಹೋಗುವುದು ಆ ಬಾಡಿಗೆಯಿಂದ. ಮೊದಲ ಕವಿತೆಯಲ್ಲಿ ಶತ್ರು ಎಲ್ಲೋ ದೂರದವನಾಗಿದ್ದ. ಎರಡನೆಯದರ ಕೊನೆಗೆ ‘ಕಲ್ಲು ಇಳಿಸಿದ ಲಾರಿ ನಮ್ಮ ಭಾವನದು’ ಎಂದು ಸೇರಿಸಿದೆ. ಅಕ್ಕ ಎರಡು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು. ಆ ಸಾಲು ತೆಗೆದಿಲ್ಲ. ಅದನ್ನು ಮೆರವಣಿಗೆಯಲ್ಲಿ ಕೂಗಲು ಬರುವುದಿಲ್ಲ, ಕೂಗುವ ಮಾತಿನಲ್ಲಿ ಭಾವನಿಗೆ ಜಾಗವೇ ಇಲ್ಲ.

‘ಚಳವಳಿಗೆ ಇದೆಲ್ಲ ಎಲ್ಲಿ ಉಪಯೋಗ? ಜನಕ್ಕೆ ನೇರ ಮಾತು ಬೇಕು’ ಎಂದು ನಿನ್ನೆ ಚಹಾ ಕುಡಿಯುವಾಗ ಸಂಘಟಕರು ಕೇಳಿದರು. ಘೋಷಣೆ ಬೇಡ ಎಂದವರು ಯಾರು? ‘ಬೇಕೇ ಬೇಕು’ ಎಂದು ಒಬ್ಬರು ಕೂಗಿದರೆ, ಆಗಷ್ಟೇ ಬಂದು ಸೇರಿದವನೂ ‘ನ್ಯಾಯ ಬೇಕು’ ಎನ್ನಬಹುದು. ಅದಕ್ಕೆಂದೇ ಹುಟ್ಟಿದ ಮಾತು, ನಾನೂ ಗಂಟಲು ಹರಿಯುವಷ್ಟು ಕೂಗಿದ್ದೇನೆ. ಅದನ್ನೇ ಆರು ಸಾಲಾಗಿ ಮುರಿದು ಕವಿತೆ ಅನ್ನಬೇಡಿ ಎಂದಷ್ಟೇ ನನ್ನ ತಕರಾರು. ದಿನಕರ ದೇಸಾಯರು ನೇರವಾಗಿ ಬರೆಯಲಿಲ್ಲವೇ ಎಂದರು. ಬರೆದರು. ಗೇಣಿದಾರರ ಹೋರಾಟ ಕಟ್ಟಿದವರು ನಾಲ್ಕು ಸಾಲಿನ ಚುಟುಕವನ್ನೂ ಬರೆದರು. ನೇರವಾಗಿ ಹೇಳುತ್ತಲೇ ಕೊನೆಯ ಸಾಲಿನಲ್ಲಿ ಥಟ್ಟನೆ ತಿರುಗುವುದು ಚುಟುಕದ ಜೀವ. ಆ ತಿರುವನ್ನು ಬಿಟ್ಟು ಬರೀ ನೇರ ತೆಗೆದುಕೊಂಡರೆ ದೇಸಾಯರ ಹೆಸರು ಹೇಳಿ ಏನು ಬಂತು?

ಹೊರಡುವಾಗ ಆ ಹುಡುಗನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ. ‘ತಮ್ಮಾ, ಆ ಚಾಪೆಯ ಸಾಲಿಂದಲೇ ಶುರುಮಾಡು. ಅಮ್ಮ ಯಾಕೆ ಹಸಿ ಮೀನನ್ನೇ ಮಡಚಿಟ್ಟಳು, ಆ ಮೀನು ಏನಾಯಿತು, ಅಷ್ಟನ್ನೇ ಬರಿ’ ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ.

‘ಸರ್, ಆ ಸಾಲು ತೆಗೆದುಬಿಡೋಣ ಅಂತಿದ್ದೆ. ಎಲ್ಲಿ ಓದಿದರೂ ಅಲ್ಲೊಂದು ಕಡೆ ಎಲ್ಲರೂ ಸುಮ್ಮನಾಗಿಬಿಡ್ತಾರೆ’ ಎಂದ.